ಹನ್ನೊಂದನೇ ನಂಬರ್ ನಿಜಕ್ಕೂ ಓಡಲಿಲ್ಲವೇ? ಶಾಲಾ ಫುಟ್‌ಬಾಲ್ ಪಂದ್ಯವನ್ನು ವಿಡಿಯೊ ಮತ್ತು ಜಿಪಿಎಸ್ ಮೂಲಕ ಓದುವ ಬಗೆ

"ಅವನು ಓಡಲ್ಲ. ಸೆಕೆಂಡ್ ಹಾಫ್ ಬಂತು ಅಂದ್ರೆ ಕಾಲೇ ಏಳಲ್ಲ. ಮುಂದಿನ ಮ್ಯಾಚ್‌ಗೆ ಅವನನ್ನ ಕೂರಿಸ್ತೀನಿ ನೋಡಿ."

ಬೆಂಗಳೂರಿನ ಪೂರ್ವ ಭಾಗದ ಒಂದು ಪ್ರೌಢಶಾಲೆಯ ಪಿಟಿ ಮೇಷ್ಟ್ರು ಹೀಗೆ ಹೇಳಿದಾಗ ಅವರ ತಂಡ ಆಗಷ್ಟೇ 1-3ರಲ್ಲಿ ಸೋತಿತ್ತು. ಮೊದಲರ್ಧದಲ್ಲಿ 1-0 ಮುಂದಿದ್ದವರು ಎರಡನೇ ಅರ್ಧದಲ್ಲಿ ಮೂರು ಗೋಲು ಬಿಟ್ಟುಕೊಟ್ಟಿದ್ದರು. ಅದರಲ್ಲಿ ಎರಡು ಎಡಗಡೆಯಿಂದ ಬಂದಿದ್ದವು. ಎಡ ವಿಂಗ್‌ನಲ್ಲಿ ಆಡಿದ್ದು 11ನೇ ನಂಬರಿನ ಹುಡುಗ. ವಯಸ್ಸು ಹದಿನೈದು. ಶಾಲಾ ತಂಡದಲ್ಲಿ ಜಾಗ ಹೋಯಿತೆಂದರೆ ಜಿಲ್ಲಾ ಆಯ್ಕೆಗೆ ಅವನ ಹೆಸರು ಹೋಗುವುದಿಲ್ಲ. ಆ ವಯಸ್ಸಿನಲ್ಲಿ ಒಂದು ವರ್ಷ ತಪ್ಪಿದರೆ ಮತ್ತೆ ಸಿಗುವುದು ಕಷ್ಟ.

ನಾನು ಆ ತಂಡದ ಪಂದ್ಯಗಳನ್ನು ವಿಡಿಯೊ ಮಾಡಿ ವಿಶ್ಲೇಷಿಸುವ ಕೆಲಸಕ್ಕೆ ಸ್ವಯಂಸೇವಕನಾಗಿ ಹೋಗುತ್ತಿದ್ದೆ. ಈ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ದಾರಿ ತಪ್ಪುತ್ತದೆ ಎಂಬುದನ್ನು ಈ ಒಂದೇ ಪಂದ್ಯ ಇಟ್ಟುಕೊಂಡು ವಿವರಿಸುತ್ತೇನೆ. ಅಂಕಿ-ಅಂಶ ತೋರಿಸಿ ಒಬ್ಬರನ್ನು 'ಸೋಮಾರಿ' ಎಂದು ತೀರ್ಮಾನಿಸುವುದು ಫುಟ್‌ಬಾಲ್ ಮೈದಾನದಲ್ಲಿ ಮಾತ್ರ ನಡೆಯುವ ಸಂಗತಿಯೇನಲ್ಲವಲ್ಲ.

ಮೊದಲು ವಿಡಿಯೊ

ದೊಡ್ಡ ಕ್ಲಬ್ಬುಗಳಲ್ಲಿ ಹಲವು ಕ್ಯಾಮೆರಾಗಳಿರುತ್ತವೆ. ನಮ್ಮ ಬಳಿ ಇದ್ದದ್ದು ಒಂದು ಮೊಬೈಲು, ಒಂದು ಟ್ರೈಪಾಡು. ಮೈದಾನದ ಪಕ್ಕದ ಕಟ್ಟಡದ ಎರಡನೇ ಮಹಡಿಯ ಕಾರಿಡಾರಿನಲ್ಲಿ, ಮಧ್ಯರೇಖೆಗೆ ನೇರವಾಗಿ ಮೊಬೈಲು ನಿಲ್ಲಿಸಿದೆವು. ಎತ್ತರ ಬಹಳ ಮುಖ್ಯ. ನೆಲದ ಮಟ್ಟದಿಂದ ತೆಗೆದ ವಿಡಿಯೊದಲ್ಲಿ ಹತ್ತಿರದ ಆಟಗಾರ ದೂರದವನನ್ನು ಮುಚ್ಚಿಬಿಡುತ್ತಾನೆ. ಇಬ್ಬರ ನಡುವೆ ಐದು ಮೀಟರ್ ಇದೆಯೋ ಇಪ್ಪತ್ತು ಮೀಟರ್ ಇದೆಯೋ ಗೊತ್ತಾಗುವುದಿಲ್ಲ. ಚೆಂಡಿನ ಹಿಂದೆ ಕ್ಯಾಮೆರಾ ತಿರುಗಿಸಲೂಬಾರದು. ನಮಗೆ ಬೇಕಾದದ್ದು ಚೆಂಡು ಇಲ್ಲದ ಹುಡುಗರು ಎಲ್ಲಿ ನಿಂತಿದ್ದರು ಎಂಬುದು. ಆದ್ದರಿಂದ ಇಡೀ ಮೈದಾನ ಚೌಕಟ್ಟಿನಲ್ಲಿ ಇರಬೇಕು. ಹಾಗೆ ಮಾಡಿದರೆ ಜೆರ್ಸಿ ನಂಬರು ಕಾಣುವುದಿಲ್ಲ. ಅದಕ್ಕೆ ನಾಲ್ವರು ಹುಡುಗರ ತೋಳಿಗೆ ಬೇರೆ ಬೇರೆ ಬಣ್ಣದ ಟೇಪು ಸುತ್ತಿದೆವು.

ಟ್ಯಾಗ್ ಎಂದರೇನು?

ವಿಡಿಯೊ ನೋಡುತ್ತಾ, ಒಂದು ಘಟನೆ ನಡೆದ ಕ್ಷಣ, ಜಾಗ ಮತ್ತು ಆಟಗಾರನನ್ನು ದಾಖಲಿಸುವುದೇ ಟ್ಯಾಗ್ ಮಾಡುವುದು. ಇದಕ್ಕೆಂದೇ ಸಾಫ್ಟ್‌ವೇರ್‌ಗಳಿವೆ. ಕಿನೋವಿಯಾದಂಥ ಉಚಿತ ಸಾಫ್ಟ್‌ವೇರ್ ಕೂಡ ವಿಡಿಯೊವನ್ನು ನಿಧಾನವಾಗಿ ನೋಡಿ ಅಳತೆ ಮಾಡಲು ನೆರವಾಗುತ್ತದೆ. ನಾವು ವಿಎಲ್‌ಸಿ ಪ್ಲೇಯರ್ ಮತ್ತು ಒಂದು ಸ್ಪ್ರೆಡ್‌ಶೀಟಿನಲ್ಲೇ ಕೆಲಸ ಮುಗಿಸಿದೆವು. ವಿಎಲ್‌ಸಿಯಲ್ಲಿ `E` ಒತ್ತಿದರೆ ಒಂದೊಂದೇ ಫ್ರೇಮ್ ಮುಂದಕ್ಕೆ ಹೋಗುತ್ತದೆ. ಅಷ್ಟು ಸಾಕು.

ಹೊಸಬರು ಮಾಡುವ ಮೊದಲ ತಪ್ಪು ಎಲ್ಲವನ್ನೂ ಟ್ಯಾಗ್ ಮಾಡಲು ಹೋಗುವುದು. ನಾವು ಕೇಳಿಕೊಂಡ ಪ್ರಶ್ನೆ ಒಂದೇ: ಚೆಂಡು ಎಲ್ಲಿ ಕೈ ತಪ್ಪುತ್ತಿದೆ? ಅದಕ್ಕೆ ಎರಡೇ ಟ್ಯಾಗ್ ಇಟ್ಟುಕೊಂಡೆವು, `loss` ಮತ್ತು `keep`. ಮೈದಾನವನ್ನು ಒಂಬತ್ತು ಚೌಕಗಳಾಗಿ ಭಾಗಿಸಿದೆವು. ಎಡ, ಮಧ್ಯ, ಬಲ ಎಂದು ಅಗಲಕ್ಕೆ ಮೂರು. ನಮ್ಮ ಗೋಲಿನ ಕಡೆಯಿಂದ ಎದುರಾಳಿ ಗೋಲಿನ ಕಡೆಗೆ 1, 2, 3 ಎಂದು ಉದ್ದಕ್ಕೆ ಮೂರು. ಒಂದು ಚೌಕದೊಳಕ್ಕೆ ನಮ್ಮವರು ಚೆಂಡು ಆಡಿದಾಗಲೆಲ್ಲ ಒಂದು ಸಾಲು. ಸಾಲುಗಳು ಹೀಗಿರುತ್ತವೆ:

```
half,time,event,zone,from,player
2,06:41,loss,L2,3,6
2,07:15,keep,L2,3,11
```

ಮೊದಲ ಸಾಲಿನ ಅರ್ಥ: ಎರಡನೇ ಅರ್ಧದ 6 ನಿಮಿಷ 41ನೇ ಸೆಕೆಂಡಿಗೆ, ಎಡಗಡೆಯ ನಡು ಚೌಕದಲ್ಲಿ, 3ನೇ ನಂಬರಿನವನು ಕೊಟ್ಟ ಚೆಂಡನ್ನು 6ನೇ ನಂಬರಿನವನು ಕಳೆದುಕೊಂಡ.

ಸುಲಭ ಅನ್ನಿಸುತ್ತದೆ. ಆದರೆ 'ಕಳೆದುಕೊಂಡ' ಅಂದರೆ ಏನು? ಎದುರಾಳಿಯ ಕಾಲಿಗೆ ತಗುಲಿ ಮತ್ತೆ ನಮ್ಮವರಿಗೇ ಬಂದರೆ? ಒತ್ತಡದಲ್ಲಿ ಬೇಕೆಂದೇ ಲೈನಿನಾಚೆ ಹೊಡೆದರೆ? ನಾನು ಮತ್ತು ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಬೇರೆ ಬೇರೆ ಕೂತು ಅದೇ ಹತ್ತು ನಿಮಿಷದ ಆಟವನ್ನು ಟ್ಯಾಗ್ ಮಾಡಿದೆವು. ನನ್ನ ಪಟ್ಟಿಯಲ್ಲಿ 14 `loss`, ಅವಳದರಲ್ಲಿ 19. ಇಬ್ಬರ ಪಟ್ಟಿಯಲ್ಲೂ ಇದ್ದದ್ದು 12 ಮಾತ್ರ. ಅಂದರೆ ಒಟ್ಟು 21 ಬೇರೆ ಬೇರೆ ಘಟನೆಗಳಲ್ಲಿ 12ಕ್ಕೆ ಮಾತ್ರ ಒಪ್ಪಿಗೆ, ಶೇ. 57. ಇಂಥ ಪಟ್ಟಿ ಇಟ್ಟುಕೊಂಡು ಯಾರ ಮೇಲೂ ಬೆರಳು ತೋರಿಸುವಂತಿಲ್ಲ.

ಆಮೇಲೆ ನಿಯಮ ಬರೆದೆವು. ಎದುರಾಳಿ ಎರಡು ಸಲ ಚೆಂಡು ಮುಟ್ಟಿದರೆ ಅಥವಾ ಮುಟ್ಟಿ ತನ್ನವರಿಗೆ ಪಾಸ್ ಕೊಟ್ಟರೆ `loss`. ನಮ್ಮ ಕಾಲಿನಿಂದ ಹೊರಗೆ ಹೋದರೂ `loss`, ಕಾರಣ ಏನೇ ಇರಲಿ. ಮತ್ತೆ ಮಾಡಿದಾಗ ನನಗೆ 16, ಅವಳಿಗೆ 17, ಇಬ್ಬರಿಗೂ ಸಾಮಾನ್ಯ 15. ಒಟ್ಟು 18ರಲ್ಲಿ 15, ಅಂದರೆ ಶೇ. 83. ಆಗ ಮುಂದುವರಿದೆವು. ಅಂದಹಾಗೆ, ಮೊದಲ ಸುತ್ತಿನಲ್ಲಿ ಹೆಚ್ಚು ತಪ್ಪು ಮಾಡಿದ್ದು ನಾನು. ಹೆಸರುವಾಸಿ ಹುಡುಗರು ಚೆಂಡು ಕಳೆದುಕೊಂಡಾಗ 'ಪಾಪ, ಒತ್ತಡ ಇತ್ತು' ಅಂತ ಬಿಟ್ಟುಬಿಟ್ಟಿದ್ದೆ.

ಎಷ್ಟು ಅನ್ನುವುದಲ್ಲ, ಎಷ್ಟರಲ್ಲಿ ಎಷ್ಟು

30 ನಿಮಿಷಗಳ ಎರಡು ಅರ್ಧ. ಪೂರ್ತಿ ಟ್ಯಾಗ್ ಮಾಡಲು ಸುಮಾರು ಮೂರು ಗಂಟೆ ಹಿಡಿಯಿತು. ಆಮೇಲೆ ಎಣಿಸಲು ಒಂದೇ ಸೂತ್ರ:

```
=COUNTIFS(A:A,2,C:C,"loss",D:D,"L2")
```

ಎಡಗಡೆಯ ನಡು ಚೌಕದಲ್ಲಿ ಮೊದಲರ್ಧದಲ್ಲಿ 3 ಸಲ, ಎರಡನೇ ಅರ್ಧದಲ್ಲಿ 9 ಸಲ ಚೆಂಡು ಕಳೆದಿತ್ತು. ಮೂರು ಪಟ್ಟು! ಇಲ್ಲೇ ನಿಂತು ತೀರ್ಪು ಕೊಡಬೇಕು ಅನ್ನಿಸುತ್ತದೆ. ಆದರೆ ಎರಡನೇ ಅರ್ಧದಲ್ಲಿ ಆ ಚೌಕಕ್ಕೆ ಚೆಂಡು ಹೋದದ್ದೇ ಹೆಚ್ಚಿದ್ದರೆ?

ಈ ತಪ್ಪಿಗೆ ಫುಟ್‌ಬಾಲಿನಲ್ಲಿ ದೊಡ್ಡ ಇತಿಹಾಸವೇ ಇದೆ. ಇಂಗ್ಲೆಂಡಿನ ವಾಯುಪಡೆಯಲ್ಲಿ ಲೆಕ್ಕಪತ್ರ ನೋಡುತ್ತಿದ್ದ ಚಾರ್ಲ್ಸ್ ರೀಪ್ ಎಂಬಾತ 1950ರ ಮಾರ್ಚ್‌ನಲ್ಲಿ ಸ್ವಿಂಡನ್ ಟೌನ್ ತಂಡದ ಒಂದು ಪಂದ್ಯವನ್ನು ಪೆನ್ಸಿಲ್ ಹಿಡಿದು ದಾಖಲಿಸಲು ಶುರು ಮಾಡಿದರು. ನಂತರ ದಶಕಗಳ ಕಾಲ ಅದನ್ನೇ ಮಾಡಿದರು. ಹೆಚ್ಚಿನ ಗೋಲುಗಳು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸ್‌ಗಳ ನಂತರ ಬರುತ್ತವೆ ಎಂದು ಕಂಡುಕೊಂಡ ಅವರು, ಉದ್ದಕ್ಕೆ ಹೊಡೆದು ಬೇಗ ಮುಂದೆ ಹೋಗುವ ಆಟವೇ ಸರಿ ಎಂದು ವಾದಿಸಿದರು. ಎಣಿಕೆ ಸರಿಯಾಗಿಯೇ ಇತ್ತು. ಆದರೆ ಫುಟ್‌ಬಾಲಿನಲ್ಲಿ ಬಹುಪಾಲು ಸಲ ಚೆಂಡು ಮೂರು ಪಾಸ್‌ಗಳ ಒಳಗೇ ಕೈ ತಪ್ಪುತ್ತದೆ. ಹಾಗಾಗಿ ಗೋಲುಗಳೂ ಅಲ್ಲೇ ಹೆಚ್ಚು ಸಿಗುತ್ತವೆ. ಎಷ್ಟು ಪ್ರಯತ್ನಕ್ಕೆ ಎಷ್ಟು ಗೋಲು ಎಂದು ನೋಡಿದ ಹ್ಯೂಸ್ ಮತ್ತು ಫ್ರಾಂಕ್ಸ್ ಎಂಬ ಸಂಶೋಧಕರು 2005ರಲ್ಲಿ ಈ ವಾದದ ದೋಷವನ್ನು ತೋರಿಸಿದರು. ಅಷ್ಟರಲ್ಲಿ ಆ ವಾದ ಇಂಗ್ಲಿಷ್ ಫುಟ್‌ಬಾಲಿನ ಮೇಲೆ ಸಾಕಷ್ಟು ಪ್ರಭಾವ ಬೀರಿಯಾಗಿತ್ತು.

ಅದಕ್ಕೇ `keep` ಟ್ಯಾಗ್ ಬೇಕಾದದ್ದು. ನಮ್ಮ ಪಂದ್ಯದಲ್ಲಿ ಆ ಚೌಕಕ್ಕೆ ಚೆಂಡು ಹೋದದ್ದು ಮೊದಲರ್ಧದಲ್ಲಿ 15 ಸಲ, ಎರಡನೇ ಅರ್ಧದಲ್ಲಿ 22 ಸಲ. ಕಳೆದದ್ದು 15ರಲ್ಲಿ 3, ನಂತರ 22ರಲ್ಲಿ 9. ಅಂದರೆ ಶೇ. 20ರಿಂದ ಶೇ. 41ಕ್ಕೆ ಏರಿದೆ. ಮೂರು ಪಟ್ಟು ಅಲ್ಲ, ಎರಡು ಪಟ್ಟು. ಸಮಸ್ಯೆ ನಿಜವೇ, ಆದರೆ ಮೊದಲು ಕಂಡಷ್ಟು ದೊಡ್ಡದಲ್ಲ. ಇನ್ನೊಂದು ವಿಷಯವೂ ಕಂಡಿತು. ಆ 9ರಲ್ಲಿ 6 ಸಲ ಚೆಂಡು ಹೋದದ್ದು ಒಂದೇ ದಾರಿಯಲ್ಲಿ: ಎಡ ಬ್ಯಾಕ್ 3ರಿಂದ ಮಿಡ್‌ಫೀಲ್ಡರ್ 6ಕ್ಕೆ. 11ನೇ ನಂಬರ್ ಆ ಸಾಲುಗಳಲ್ಲಿ ಎಲ್ಲೂ ಇರಲಿಲ್ಲ.

ಜಿಪಿಎಸ್ ಯಾರಿಗೆ ಹಾಕುವುದು?

ಬೆನ್ನಿನ ಮೇಲ್ಭಾಗದಲ್ಲಿ ಪುಟ್ಟ ಯಂತ್ರ ಇಡುವ ಬನಿಯನ್ ತರಹದ ವೆಸ್ಟ್ ನೀವು ಟಿವಿಯಲ್ಲಿ ನೋಡಿರುತ್ತೀರಿ. ನಮ್ಮದು ಸೆಕೆಂಡಿಗೆ ಹತ್ತು ಸಲ ಜಾಗ ದಾಖಲಿಸುವಂಥದ್ದು. ಪರಿಚಯದ ಕ್ಲಬ್ಬೊಂದರಿಂದ ನಾಲ್ಕನ್ನು ಎರವಲು ತಂದಿದ್ದೆವು. ಹನ್ನೊಂದು ಹುಡುಗರು, ನಾಲ್ಕು ವೆಸ್ಟು.

"11ಕ್ಕೆ ಹಾಕಿ, ಸಾಕು," ಅಂದಿದ್ದರು ಮೇಷ್ಟ್ರು, ಪಂದ್ಯಕ್ಕೆ ಮೊದಲೇ. ಅವನ ಬಗ್ಗೆ ಅವರಿಗೆ ಆಗಲೇ ಅನುಮಾನವಿತ್ತು. ಅನುಮಾನ ಇದ್ದವನನ್ನು ಮಾತ್ರ ಅಳೆದರೆ ಅವನ ತಪ್ಪು ಮಾತ್ರ ಸಿಗುತ್ತದೆ. ಉಳಿದವರು ಲೆಕ್ಕದಲ್ಲೇ ಇಲ್ಲವಾದ್ದರಿಂದ ನಿರಪರಾಧಿಗಳಾಗಿ ಉಳಿಯುತ್ತಾರೆ. ಅದಕ್ಕೆ ಹೋಲಿಕೆಗೆಂದು ಬಲ ವಿಂಗ್‌ನ 7ಕ್ಕೆ, ಎಡಗಡೆಯಲ್ಲೇ ಆಡುವ 3 ಮತ್ತು 6ಕ್ಕೆ ಕೂಡ ಹಾಕಿಸಿದೆ.

ಕಾನೂನೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ದತ್ತಾಂಶ ಬಳಸಲು ಹೆತ್ತವರ ಒಪ್ಪಿಗೆ ಬೇಕು. ಮಕ್ಕಳ ಚಲನವಲನ ಮತ್ತು ವರ್ತನೆಯ ಮೇಲೆ ನಿಗಾ ಇಡುವುದನ್ನು ಕಾಯ್ದೆ ನಿರ್ಬಂಧಿಸುತ್ತದೆ, ಕೆಲವು ವಿನಾಯಿತಿಗಳಿಗೂ ಅವಕಾಶವಿದೆ. ನಾವು ನಾಲ್ಕೂ ಮನೆಗೆ ಹೋಗಿ ಏನು, ಎಷ್ಟು ದಿನ, ಯಾರು ನೋಡುತ್ತಾರೆ ಎಂದು ವಿವರಿಸಿ ಸಹಿ ಪಡೆದೆವು. ಫೈಲುಗಳಲ್ಲಿ ಹೆಸರು ಬರೆಯಲಿಲ್ಲ, ನಂಬರು ಮಾತ್ರ. ಋತು ಮುಗಿದ ಮೇಲೆ ಅಳಿಸಿಹಾಕುವುದೆಂದು ಮಾತಾಯಿತು.

ಯಂತ್ರವನ್ನೇ ಮೊದಲು ಪರೀಕ್ಷಿಸಿ

ನಾಲ್ಕೂ ಯಂತ್ರಗಳನ್ನು ಐದು ನಿಮಿಷ ಮೈದಾನದ ಮೂಲೆಯಲ್ಲಿ ಸುಮ್ಮನೆ ಇಟ್ಟು ನೋಡಿ. ಅಲ್ಲಾಡದೆ ಕೂತ ಯಂತ್ರವೂ ಕೆಲವು ಮೀಟರ್ 'ನಡೆದಿರುತ್ತದೆ'. ಅದೇ ಅದರ ದೋಷದ ಅಂದಾಜು. ಸುತ್ತ ಎತ್ತರದ ಕಟ್ಟಡ, ಮರ ಇದ್ದರೆ ದೋಷ ಹೆಚ್ಚು. ನಮ್ಮ ಮೈದಾನದ ಗೋಡೆ ಕಡೆಯ ಮೂಲೆಯಲ್ಲಿ ಒಂದು ಯಂತ್ರ ಒಬ್ಬ ಹುಡುಗ ಗಂಟೆಗೆ 41 ಕಿ.ಮೀ. ವೇಗದಲ್ಲಿ ಓಡಿದನೆಂದು ತೋರಿಸಿತು. 2009ರಲ್ಲಿ ಬರ್ಲಿನ್‌ನಲ್ಲಿ ವಿಶ್ವದಾಖಲೆ ಮಾಡಿದಾಗ ಉಸೇನ್ ಬೋಲ್ಟ್‌ನ ಗರಿಷ್ಠ ವೇಗ ಸುಮಾರು 44. ಇಂಥ ಸಂಖ್ಯೆ ಕಂಡರೆ ಆ ಕ್ಷಣಗಳನ್ನು ತೆಗೆದುಹಾಕಬೇಕು.

ಇನ್ನೊಂದು ಕಾಟ ಗಡಿಯಾರದ್ದು. ಜಿಪಿಎಸ್ ಅಂತರರಾಷ್ಟ್ರೀಯ ಸಮಯ ಬರೆಯುತ್ತದೆ, ಅದಕ್ಕೆ 5 ಗಂಟೆ 30 ನಿಮಿಷ ಸೇರಿಸಿದರೆ ನಮ್ಮದು. ಆದರೆ ಎಷ್ಟೋ ಮೊಬೈಲುಗಳು ಎಲ್ಲ ಸೆಕೆಂಡಿಗೂ ಅಷ್ಟೇ ಫ್ರೇಮ್ ದಾಖಲಿಸುವುದಿಲ್ಲ, ಹಾಗಾಗಿ ವಿಡಿಯೊ ಸಮಯ ಮೆಲ್ಲಗೆ ಜಾರುತ್ತದೆ. ಉಪಾಯ ಸರಳ. ಪಂದ್ಯಕ್ಕೆ ಮೊದಲು 7ನೇ ನಂಬರಿನವನು ಮಧ್ಯದಲ್ಲಿ ಹತ್ತು ಸೆಕೆಂಡು ಅಲ್ಲಾಡದೆ ನಿಂತು ಒಮ್ಮೆಲೇ ಓಡಬೇಕು. ಅರ್ಧ ಮುಗಿದಾಗ ಇನ್ನೊಮ್ಮೆ. ವಿಡಿಯೊದಲ್ಲಿ ಅವನ ಕಾಲು ಎದ್ದ ಫ್ರೇಮು, ಜಿಪಿಎಸ್‌ನಲ್ಲಿ ವೇಗ ಏರಿದ ಕ್ಷಣ, ಇವೆರಡನ್ನೂ ಹೊಂದಿಸಬೇಕು. ನಮಗೆ ಅರ್ಧದ ಕೊನೆಗೆ 1.6 ಸೆಕೆಂಡ್ ವ್ಯತ್ಯಾಸ ಬಂತು. ಗಂಟೆಗೆ 18 ಕಿ.ಮೀ. ಓಡುವ ಹುಡುಗ ಅಷ್ಟರಲ್ಲಿ 8 ಮೀಟರ್ ಹೋಗಿರುತ್ತಾನೆ. ಈ ವ್ಯತ್ಯಾಸವನ್ನು ಇಡೀ ಅರ್ಧಕ್ಕೆ ಸಮನಾಗಿ ಹಂಚಿ ಸರಿಪಡಿಸಿದೆವು.

ಮೇಷ್ಟ್ರ ಮಾತೇ ನಿಜ ಅನ್ನಿಸಿದ ಗಳಿಗೆ

ಮೊದಲು ನೋಡಿದ್ದು ಒಟ್ಟು ದೂರ. 11ನೇ ನಂಬರ್ ಮೊದಲರ್ಧದಲ್ಲಿ 3.2 ಕಿ.ಮೀ., ಎರಡನೇ ಅರ್ಧದಲ್ಲಿ 2.8 ಕಿ.ಮೀ. ಬಲ ವಿಂಗ್‌ನ 7ನೇ ನಂಬರ್ 3.1, ಆಮೇಲೆ 3.0. "ನೋಡಿ, ನಾನು ಹೇಳ್ಲಿಲ್ವಾ," ಅಂದರು ಮೇಷ್ಟ್ರು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತು. ಹೆಚ್ಚಿನ ತಂಡಗಳಲ್ಲಿ ವಿಶ್ಲೇಷಣೆ ಇಲ್ಲಿಗೇ ಮುಗಿಯುತ್ತದೆ. ಯಂತ್ರದ ಪರದೆಯಲ್ಲಿ ದೊಡ್ಡಕ್ಷರದಲ್ಲಿ ಕಾಣುವುದೂ ಈ ಸಂಖ್ಯೆಯೇ.

ಆದರೆ ಒಟ್ಟು ದೂರಕ್ಕೆ ಆಟ ಗೊತ್ತಿಲ್ಲ. ಎಲ್ಲಿಗೆ, ಯಾವಾಗ, ಯಾಕೆ ಓಡಿದ ಎಂಬುದನ್ನು ಅದು ಹೇಳುವುದಿಲ್ಲ. ಅದಕ್ಕೆ ಟ್ಯಾಗ್ ಮತ್ತು ಚಲನೆಯನ್ನು ಸೇರಿಸಬೇಕು. ಆ ಚೌಕದ 12 `loss` ಕ್ಷಣಗಳಿಗೆ ಎರಡು ಪ್ರಶ್ನೆ ಹಾಕಿದೆ. ಚೆಂಡು ಹೋದ ಕ್ಷಣ 11ನೇ ನಂಬರ್ ತನ್ನ 6ರಿಂದ ಎಷ್ಟು ದೂರ ಇದ್ದ? ಮುಂದಿನ ಐದು ಸೆಕೆಂಡಿನಲ್ಲಿ ನಮ್ಮ ಗೋಲಿನ ಕಡೆಗೆ ಜೋರಾಗಿ ಓಡಿದನೇ?

ಇಬ್ಬರಿಗೂ ಜಿಪಿಎಸ್ ಇದ್ದುದರಿಂದ ದೂರ ಲೆಕ್ಕ ಹಾಕಬಹುದು. ಬೆಂಗಳೂರಿನ ಅಕ್ಷಾಂಶದಲ್ಲಿ ಮೀಟರ್‌ಗೆ ಬದಲಿಸುವ ಅಂದಾಜು ಸೂತ್ರ ಇದು:

```
d = sqrt((dlat*110600)^2 + (dlon*108500)^2)
```

'ಜೋರಾಗಿ' ಎಂಬುದಕ್ಕೂ ಅಳತೆ ಬೇಕು. ವಯಸ್ಕ ಆಟಗಾರರಿಗೆ ಗಂಟೆಗೆ ಸುಮಾರು 20 ಕಿ.ಮೀ. ಮೇಲಿನದನ್ನು ವೇಗದ ಓಟ ಎನ್ನುವುದು ವಾಡಿಕೆ. ಹದಿನೈದರ ಹುಡುಗರಿಗೆ ಅದು ನ್ಯಾಯವಲ್ಲ. ಬೇಗ ಬೆಳೆದವರು ಗೆಲ್ಲುತ್ತಾರೆ, ಇನ್ನೂ ಬೆಳೆಯಬೇಕಾದವರು ಸೋಮಾರಿಗಳಂತೆ ಕಾಣುತ್ತಾರೆ. ಆದ್ದರಿಂದ ಪ್ರತಿಯೊಬ್ಬನ ಸ್ವಂತ ಗರಿಷ್ಠ ವೇಗದ ಶೇ. 70 ಎಂದು ಇಟ್ಟುಕೊಂಡೆ. 11ನೇ ನಂಬರಿನ ಗರಿಷ್ಠ 26, ಹಾಗಾಗಿ ಅವನ ಗೆರೆ ಸುಮಾರು 18.

ಉತ್ತರ ಹೀಗೆ ಬಂತು. ಮೊದಲರ್ಧದ ಮೂರು ಸಲವೂ ಅವನು ಜೋರಾಗಿ ಹಿಂದಕ್ಕೆ ಓಡಿದ್ದ. ಎರಡನೇ ಅರ್ಧದ 9ರಲ್ಲಿ 7 ಸಲ ಹಾಗೇ ಓಡಿದ್ದ. ಓಡುವುದನ್ನು ಬಿಟ್ಟಿರಲಿಲ್ಲ. ಆದರೆ ಚೆಂಡು ಹೋದ ಕ್ಷಣ 6ರಿಂದ ಅವನ ಸರಾಸರಿ ದೂರ ಮೊದಲರ್ಧದಲ್ಲಿ 14 ಮೀಟರ್ ಇದ್ದದ್ದು ಎರಡನೇ ಅರ್ಧದಲ್ಲಿ 29 ಮೀಟರ್ ಆಗಿತ್ತು. ಯಂತ್ರದ ದೋಷ ಎರಡು ಮೂರು ಮೀಟರ್, ಇಲ್ಲಿನ ವ್ಯತ್ಯಾಸ 15. ಹಾಗಾಗಿ ಇದನ್ನು ನಂಬಬಹುದು. ವ್ಯತ್ಯಾಸ ಎರಡು ಮೀಟರ್ ಇದ್ದಿದ್ದರೆ ಬಾಯಿ ಬಿಡುತ್ತಿರಲಿಲ್ಲ.

ಆ ಕ್ಷಣಗಳ ವಿಡಿಯೊ ಮತ್ತೆ ನೋಡಿದರೆ ಚಿತ್ರ ಸ್ಪಷ್ಟ. 3ನೇ ನಂಬರಿನ ಮೇಲೆ ಎದುರಾಳಿ ಏರಿ ಬರುತ್ತಾನೆ. ಲೈನ್ ಪಕ್ಕದಲ್ಲಿ ಚೆಂಡು ಕೊಡಲು 11 ಇಲ್ಲ, ಅವನು ತುಂಬಾ ಮುಂದಿದ್ದಾನೆ. ಬೇರೆ ದಾರಿಯಿಲ್ಲದೆ 3 ಚೆಂಡನ್ನು 6ಕ್ಕೆ ಕೊಡುತ್ತಾನೆ. ಎದುರಾಳಿಗೆ ಬೆನ್ನು ಹಾಕಿ ನಿಂತ 6ರಿಂದ ಚೆಂಡು ಕಿತ್ತುಕೊಳ್ಳುತ್ತಾರೆ. 11 ಎಷ್ಟೇ ಜೋರಾಗಿ ಓಡಿ ಬಂದರೂ 29 ಮೀಟರ್ ಹಿಂದಿನಿಂದ ತಲುಪುವುದಿಲ್ಲ. ಕ್ಯಾಮೆರಾದಲ್ಲಿ, ಮೈದಾನದ ಬದಿಯಲ್ಲಿ ನಿಂತವರ ಕಣ್ಣಿನಲ್ಲಿ, 'ತಡವಾಗಿ ಬಂದ ಹುಡುಗ' ಅಷ್ಟೇ ಕಾಣುತ್ತದೆ.

ಅವನನ್ನೇ ಕೇಳಿದಾಗ

ಮರುದಿನ ಇಡೀ ತಂಡಕ್ಕೆ ತೋರಿಸುವ ಮೊದಲು 11ನೇ ನಂಬರಿನವನನ್ನೂ ಮೇಷ್ಟ್ರನ್ನೂ ಕೂರಿಸಿ ಆರು ತುಣುಕು ತೋರಿಸಿದೆ. ಒಬ್ಬನ ತಪ್ಪನ್ನು ಎಲ್ಲರೆದುರು ಪರದೆಗೆ ಹಾಕಿದರೆ ಅವನು ವಿಡಿಯೊ ನೋಡುವುದಿಲ್ಲ, ನೆಲ ನೋಡುತ್ತಾನೆ. "ಯಾಕೋ ಅಷ್ಟು ಮುಂದೆ ನಿಂತಿದ್ದೀಯ?" ಎಂದು ಕೇಳಿದೆ. ಅವನು ಮೇಷ್ಟ್ರ ಮುಖ ನೋಡಿದ. "ಹಾಫ್ ಟೈಮಲ್ಲಿ ಸರ್ ಹೇಳಿದ್ರಲ್ಲ, ಮೇಲೇ ಇರು, ಲಾಂಗ್ ಬಾಲ್ ಬರುತ್ತೆ ಅಂತ."

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೌದು. ನಾನೇ ಹೇಳಿದ್ದು."

ಕಡಿಮೆಯಾದ ಆ 400 ಮೀಟರ್ ಸುಸ್ತಿನದೆಂದು ಹೇಳಲು ಏನೂ ಉಳಿದಿರಲಿಲ್ಲ. ಹೇಳಿದಲ್ಲಿ ನಿಂತಿದ್ದರ ಲೆಕ್ಕ ಅದು.

ಮುಂದಿನ ಪಂದ್ಯದಲ್ಲಿ ಅವನು ಆಡಿದ. 3ರ ಬಳಿ ಚೆಂಡು ಬಂದಾಗ ಹತ್ತು ಹನ್ನೆರಡು ಮೀಟರ್ ದೂರಕ್ಕೆ ಇಳಿದು ಬರುವುದು ಅವನ ಹೊಸ ಕೆಲಸ. ಆ ಚೌಕದಲ್ಲಿ ಎರಡನೇ ಅರ್ಧದ ಲೆಕ್ಕ 20ರಲ್ಲಿ 5. ಇದನ್ನು ಸಾಧನೆ ಎಂದು ಬರೆಯಲಾರೆ. ಎದುರಾಳಿ ಬೇರೆ, ಮೈದಾನ ಬೇರೆ, ಒಂದೇ ಪಂದ್ಯ. ಹೀಗೆ ಐದಾರು ಪಂದ್ಯ ನೋಡಿದ ಮೇಲಷ್ಟೇ ಬದಲಾವಣೆಯೋ ಅದೃಷ್ಟವೋ ಹೇಳಬಹುದು.

ಒಂದು ಮಾತು ಮಾತ್ರ ಮನಸ್ಸಿನಲ್ಲಿ ಉಳಿದಿದೆ. ಮೂರು ಗಂಟೆ ಟ್ಯಾಗ್ ಮಾಡಿ, ಗಡಿಯಾರ ಹೊಂದಿಸಿ, ಸೂತ್ರ ಹಾಕಿ ನಾವು ತಲುಪಿದ್ದು ಆ ಹುಡುಗನಿಗೆ ಮೊದಲ ದಿನವೇ ಗೊತ್ತಿದ್ದ ವಿಷಯಕ್ಕೆ. ಅದನ್ನು ಕೇಳೋಕೆ ಜಿಪಿಎಸ್ ಬೇಕಿರಲಿಲ್ಲ. ಆದರೆ ಸೋತ ಸಂಜೆ ಅವನೇ ಬಂದು "ನೀವೇ ಹೇಳಿದ್ದಲ್ವಾ ಸರ್" ಅಂದಿದ್ದರೆ, ಎದುರು ಮಾತಾಡಿದ ಅನ್ನಿಸಿಕೊಳ್ಳುತ್ತಿದ್ದ. ಈಗ ನಮ್ಮ ಸ್ಪ್ರೆಡ್‌ಶೀಟಿಗೆ ಇನ್ನೊಂದು ಕಾಲಂ ಸೇರಿಸಿದ್ದೇವೆ. ಅದರ ಹೆಸರು `told`: ಆ ಹೊತ್ತಿನಲ್ಲಿ ಆಟಗಾರನಿಗೆ ಏನು ಮಾಡಲು ಹೇಳಲಾಗಿತ್ತು ಎಂಬುದು. ಅದು ತುಂಬುವವರೆಗೆ ಯಾರ ದೂರವನ್ನೂ ಯಾರ ಜೊತೆಗೂ ಹೋಲಿಸುವುದಿಲ್ಲ.